ಇನ್ನೊಬ್ಬರು ಬೇಕು ಎಂದು ಡೈರೆಕ್ಟರಿಗೆ ಬರೆದ ಇಮೇಲ್

ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ನನ್ನ ಜವಾಬ್ದಾರಿ. ನಾಲ್ಕು ಜನರ ವಿಭಾಗ. ಐದನೆಯವರು ಬೇಕು ಎಂದು ಕಳೆದ ವರ್ಷ ಡೈರೆಕ್ಟರಿಗೆ ಇಮೇಲ್ ಬರೆದೆ. ಇಮೇಲ್ ಒಂದು ಪುಟ ಮಾತ್ರ. ಅದರ ಹಿಂದಿನ ಲೆಕ್ಕಕ್ಕೆ ಹಿಡಿದ ಕೆಲಸವೇ ಜಾಸ್ತಿ. ಆ ಲೆಕ್ಕ ಬೇರೆ ಆಫೀಸುಗಳಲ್ಲಿ ಇರುವವರಿಗೂ ಉಪಯೋಗಕ್ಕೆ ಬರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ದುಂಡು ಮಾಡಿದ್ದೇನೆ, ಆಸ್ಪತ್ರೆಯ ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ಇದ್ದ ಹಾಗೆಯೇ ಇದೆ.

ಮೊದಲು ನಮ್ಮ ಕೆಲಸ ಏನು ಅಂತ ಹೇಳಬೇಕು. ವಿಮೆ ಇರುವ ರೋಗಿ ಅಡ್ಮಿಟ್ ಆದ ಕೂಡಲೇ ವಿಮಾ ಕಂಪನಿಗೆ ಅಥವಾ ಅದರ ಪರವಾಗಿ ಕೆಲಸ ಮಾಡುವ ಟಿಪಿಎಗೆ ಅನುಮತಿ ಕೇಳಿ ಅರ್ಜಿ ಕಳಿಸಬೇಕು. ಇದಕ್ಕೆ ನಾವು ಪ್ರಿ-ಆಥ್ ಅನ್ನುತ್ತೇವೆ. ಅವರು ಏನಾದರೂ ಪ್ರಶ್ನೆ ಕೇಳುತ್ತಾರೆ, ಅದು ಕ್ವೆರಿ. ಡಾಕ್ಟರನ್ನು ಹುಡುಕಿ ಉತ್ತರ ಬರೆಸಿ ಕಳಿಸಬೇಕು. ಡಿಸ್ಚಾರ್ಜ್ ದಿನ ಅಂತಿಮ ಬಿಲ್ ಕಳಿಸಿ ಮತ್ತೊಮ್ಮೆ ಒಪ್ಪಿಗೆ ತರಿಸಬೇಕು. ರೋಗಿ ಮನೆಗೆ ಹೋದ ಮೇಲೆ ಎಲ್ಲ ಕಾಗದ ಸೇರಿಸಿ ಫೈಲ್ ಕಳಿಸಬೇಕು. ಕೊನೆಗೆ ದುಡ್ಡು ಬಂತಾ, ಎಷ್ಟು ಬಂತು, ಯಾಕೆ ಕಡಿಮೆ ಬಂತು ಅಂತ ಬ್ಯಾಂಕಿನ ಯುಟಿಆರ್, ಅಂದರೆ ದುಡ್ಡು ಜಮೆಯಾದದ್ದರ ಗುರುತಿನ ನಂಬರ್ ಹಿಡಿದು ಹೊಂದಿಸಬೇಕು. ಖಾಸಗಿ ವಿಮೆಯ ಜೊತೆಗೆ ಸರ್ಕಾರಿ ನೌಕರರ ಮೆಡಿಸೆಪ್, ಬಡ ಕುಟುಂಬಗಳ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ, ಇವುಗಳ ಕೆಲಸವೂ ಇದೇ ಕೌಂಟರಿನಲ್ಲಿ ನಡೆಯುತ್ತದೆ.

ಈ ಐದು ಹಂತಗಳಲ್ಲಿ ಮೊದಲ ಮೂರು ಕಣ್ಣಿಗೆ ಕಾಣುತ್ತವೆ, ಯಾಕೆಂದರೆ ಎದುರಿಗೆ ಮನುಷ್ಯರು ನಿಂತಿರುತ್ತಾರೆ. ಬದಿಯಡ್ಕದಿಂದ ಬಂದ ಅಜ್ಜಿಯ ಮಗ ಡಿಸ್ಚಾರ್ಜ್ ಯಾವಾಗ ಅಂತ ಕೇಳುತ್ತಿದ್ದರೆ ಆ ಕೆಲಸವನ್ನು ನಾಳೆಗೆ ಇಡಲು ಆಗುವುದಿಲ್ಲ. ಕೊನೆಯ ಎರಡು ಹಂತ ಹಾಗಲ್ಲ. ಫೈಲ್ ಇವತ್ತು ಹೋಗದಿದ್ದರೆ ಯಾರೂ ಬಂದು ಜಗಳ ಮಾಡುವುದಿಲ್ಲ. ಜನ ಸಾಲದಿದ್ದಾಗ ಕೊರತೆ ಪೂರ್ತಿ ಅಲ್ಲಿಗೇ ಹೋಗಿ ಸೇರುತ್ತದೆ. ಆಸ್ಪತ್ರೆಗೆ ದುಡ್ಡು ಬರುವ ಹಂತಗಳೂ ಅವೇ. ಹೊರಗಿನಿಂದ ನೋಡುವ ಡೈರೆಕ್ಟರಿಗೆ ಕೌಂಟರ್ ಚೆನ್ನಾಗಿಯೇ ನಡೆಯುತ್ತಿದೆ ಅನ್ನಿಸುತ್ತದೆ. "ಕೆಲಸ ತುಂಬಾ ಜಾಸ್ತಿ ಆಗಿದೆ ಸರ್" ಅಂತ ಬಾಯಲ್ಲಿ ಹೇಳಿದರೆ ಫಲ ಸಿಗದಿರುವುದು ಇದೇ ಕಾರಣಕ್ಕೆ. ಎಲ್ಲ ವಿಭಾಗದವರೂ ಅದನ್ನೇ ಹೇಳುತ್ತಾರೆ ಅಲ್ವಾ?

ಹಾಗಾಗಿ ಕೆಲಸವನ್ನು ನಿಮಿಷಗಳಲ್ಲಿ ಅಳೆಯಲು ಶುರು ಮಾಡಿದೆ. ಕೇಸುಗಳ ಸಂಖ್ಯೆ ಮಾತ್ರ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಕಣ್ಣಿನ ಪೊರೆಯ ಆಪರೇಷನ್ನಿನ ಕೇಸೂ ಒಂದೇ, ಬೈಕ್ ಅಪಘಾತದ ಕೇಸೂ ಒಂದೇ. ಆದರೆ ಎರಡನೆಯದಕ್ಕೆ ಪೊಲೀಸ್ ದಾಖಲೆಯ ಪ್ರತಿ ಬೇಕು, ಮೂಳೆಗೆ ಹಾಕಿದ ಪ್ಲೇಟಿನ ಸ್ಟಿಕರ್ ಮತ್ತು ಬಿಲ್ ಬೇಕು, ಆಪರೇಷನ್ನಿಗೆ ಮೊದಲಿನ ಮತ್ತು ನಂತರದ ಎಕ್ಸ್-ರೇ ಬೇಕು. ನಾಲ್ವರೂ ತಮ್ಮ ಟೇಬಲ್ ಮೇಲೆ ಒಂದು ಹಾಳೆ ಇಟ್ಟುಕೊಂಡು, ಯಾವ ಹಂತಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದರು. ಜ್ವರದ ಸೀಸನ್ನಿನಲ್ಲಿ ಒಂದು ವಾರ, ಮಾಮೂಲಿ ದಿನಗಳಲ್ಲಿ ಒಂದು ವಾರ. ಮಳೆಗಾಲದಲ್ಲಿ ಡೆಂಗೆ, ಇಲಿಜ್ವರ ಎಂದು ವಾರ್ಡ್ ತುಂಬುವುದು ನಮ್ಮ ಡೈರೆಕ್ಟರಿಗೆ ಚೆನ್ನಾಗಿ ಗೊತ್ತು, ಅವರೂ ಡಾಕ್ಟರೇ. ಬರೀ ಜುಲೈ ತಿಂಗಳ ಲೆಕ್ಕ ಕೊಟ್ಟಿದ್ದರೆ ಮೊದಲ ಸಾಲಿಗೇ ಅವರು ನಂಬಿಕೆ ಕಳೆದುಕೊಳ್ಳುತ್ತಿದ್ದರು. ಓಣಂ ವಾರವನ್ನು ಕೂಡ ಬಿಟ್ಟೆವು, ಆಗ ಅಡ್ಮಿಷನ್ ತೀರಾ ಕಡಿಮೆ.

ಕೈಯಿಂದ ಬರೆದ ನಿಮಿಷಗಳಲ್ಲಿ ಒಂದು ತೊಂದರೆ ಇದೆ. ಜನ ಸುಮ್ನೆ ದುಂಡು ಸಂಖ್ಯೆ ಹಾಕುತ್ತಾರೆ. ಹದಿನೆಂಟು ನಿಮಿಷ ಇಪ್ಪತ್ತಾಗುತ್ತದೆ, ಮಧ್ಯೆ ಬಂದ ಫೋನ್ ಕರೆಯೂ ಅದರಲ್ಲೇ ಸೇರಿಬಿಡುತ್ತದೆ. ಆದ್ದರಿಂದ ಪೋರ್ಟಲ್‌ನಲ್ಲಿ ಪ್ರಿ-ಆಥ್ ಶುರು ಮಾಡಿದ ಹೊತ್ತು ಮತ್ತು ಕಳಿಸಿದ ಹೊತ್ತನ್ನು ಕೆಲವು ಕೇಸುಗಳಿಗೆ ತೆಗೆದು ಹೋಲಿಸಿದೆ. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಕಡಿಮೆ ಇರುವ ಅಂಕಿಯನ್ನೇ ಹಿಡಿದೆ. ನಮಗೆ ಲಾಭವಾಗುವ ಕಡೆಗೆ ಒಂದು ಅಂಕಿ ವಾಲಿದೆ ಎಂದು ಕಂಡರೂ ಡೈರೆಕ್ಟರು ಉಳಿದ ಎಲ್ಲವನ್ನೂ ಅನುಮಾನದಿಂದ ನೋಡುತ್ತಾರೆ.

ಹೀಗೆ ಬಂದ ಸರಾಸರಿ ಇದು. ಖಾಸಗಿ ವಿಮೆಯ ಒಂದು ಕೇಸಿಗೆ ಪ್ರಿ-ಆಥ್ 25 ನಿಮಿಷ, ಕ್ವೆರಿ 20, ಡಿಸ್ಚಾರ್ಜ್ 30, ಫೈಲ್ ಕಳಿಸಲು 20, ದುಡ್ಡು ಹೊಂದಿಸಲು 25. ಒಟ್ಟು ಎರಡು ಗಂಟೆ. ಸರ್ಕಾರಿ ಯೋಜನೆಯ ಕೇಸಿಗೆ ಒಂದೂವರೆ ಗಂಟೆ. ತಿಂಗಳಿಗೆ ಖಾಸಗಿ ಕೇಸು 260, ಯೋಜನೆಯ ಕೇಸು 100. ಅಂದರೆ 520 ಗಂಟೆ ಮತ್ತು 150 ಗಂಟೆ, ಒಟ್ಟು 670 ಗಂಟೆಯ ಕೆಲಸ.

ಈಗ ನಮ್ಮ ಹತ್ತಿರ ಎಷ್ಟು ಗಂಟೆ ಇದೆ? ಎಂಟು ಗಂಟೆ, 26 ದಿನ, ನಾಲ್ಕು ಜನ ಎಂದು ಗುಣಿಸಿದರೆ 832 ಬರುತ್ತದೆ, ಜನ ಜಾಸ್ತಿಯೇ ಇದ್ದಾರೆ ಅನ್ನಿಸುತ್ತದೆ. ಆದರೆ ರಜೆ ಕಳೆದರೆ ಒಬ್ಬರಿಗೆ ತಿಂಗಳಿಗೆ 24 ದಿನ ಸಿಗುತ್ತದೆ. ಊಟ, ಚಹಾ, ವಾರ್ಡಿಗೆ ಓಡಾಟ, ಕೇಸಿಗೆ ಸಂಬಂಧವೇ ಇಲ್ಲದ ವಿಚಾರಣೆ, ಇವೆಲ್ಲ ಕಳೆದರೆ ದಿನಕ್ಕೆ ಆರೂವರೆ ಗಂಟೆ. ಒಬ್ಬರಿಗೆ 156 ಗಂಟೆ, ನಾಲ್ವರಿಗೆ 624. ಕೊರತೆ ತಿಂಗಳಿಗೆ 46 ಗಂಟೆ. ಅದರಲ್ಲಿ 20 ಗಂಟೆಯನ್ನು ಓವರ್‌ಟೈಮಿನಲ್ಲಿ ತುಂಬಿಸುತ್ತಿದ್ದೆವು. ಕುಂಬಳೆ, ಮಂಜೇಶ್ವರದಿಂದ ಬರುವವರು ಸಂಜೆಯ ರೈಲು ಬಿಟ್ಟು ಕೂತು ಮಾಡಿದ ಕೆಲಸ ಅದು. ಉಳಿದ 26 ಗಂಟೆಯ ಕೆಲಸ ಪ್ರತಿ ತಿಂಗಳೂ ಕಪಾಟಿಗೆ ಹೋಗುತ್ತಿತ್ತು.

ಇಲ್ಲಿಯವರೆಗೆ ಇದು ಕಾಗದದ ಮೇಲಿನ ಲೆಕ್ಕ. ಸರಿಯಾ ತಪ್ಪಾ ಎಂದು ಪರೀಕ್ಷಿಸಲು ಬೇರೆ ದಾರಿಯಿಂದ ಬರಬೇಕು. ಕಪಾಟಿನಲ್ಲಿರುವ ಫೈಲುಗಳನ್ನು ಎಣಿಸಿದೆವು. ಸೆಪ್ಟೆಂಬರ್ ಕೊನೆಗೆ ಕಳಿಸದೇ ಇದ್ದವು 90. ಕಳಿಸಿ ಆಗಿದ್ದರೂ ದುಡ್ಡು ಹೊಂದಿಸದೇ ಇದ್ದವು 180. ಮೊದಲನೆಯದಕ್ಕೆ ತಲಾ 45 ನಿಮಿಷ, ಎರಡನೆಯದಕ್ಕೆ ತಲಾ 25 ನಿಮಿಷ ಬಾಕಿ. ಒಟ್ಟು ಸುಮಾರು 142 ಗಂಟೆಯ ಕೆಲಸ. ಏಪ್ರಿಲ್ ಕೊನೆಗೆ ಇದ್ದದ್ದು ಕಳಿಸದ 20 ಫೈಲು ಮಾತ್ರ, ಅಂದರೆ 15 ಗಂಟೆ. ಐದು ತಿಂಗಳಲ್ಲಿ ಬೆಳೆದದ್ದು 127 ಗಂಟೆ. ತಿಂಗಳಿಗೆ 26ರಂತೆ ಐದು ತಿಂಗಳಿಗೆ ನಮ್ಮ ಲೆಕ್ಕ ಹೇಳಿದ್ದು 130.

ಇಡೀ ಇಮೇಲಿನಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಈ ಹೊಂದಾಣಿಕೆ. ನಿಮಿಷದ ಹಾಳೆಯನ್ನು ನಾವೇ ಬರೆದದ್ದು, ಯಾರಾದರೂ ಪ್ರಶ್ನೆ ಮಾಡಬಹುದು. ಕಪಾಟಿನ ಫೈಲನ್ನು ಯಾರು ಬೇಕಾದರೂ ಬಂದು ಎಣಿಸಬಹುದು. ಎರಡೂ ಒಂದೇ ಉತ್ತರ ಕೊಟ್ಟರೆ ಆಮೇಲೆ ಚರ್ಚೆ "ನಿಜವಾಗಿ ಕೆಲಸ ಜಾಸ್ತಿ ಇದೆಯಾ" ಎಂಬಲ್ಲಿ ನಿಲ್ಲುವುದಿಲ್ಲ. ಎರಡೂ ತೀರಾ ಬೇರೆ ಬಂದಿದ್ದರೆ ನಾನು ಇಮೇಲ್ ಕಳಿಸುತ್ತಿರಲಿಲ್ಲ. ಫೈಲ್ ಕಡಿಮೆ ಇದ್ದಿದ್ದರೆ ನಿಮಿಷಗಳು ಉಬ್ಬಿವೆ ಎಂದು ಅರ್ಥ. ಜಾಸ್ತಿ ಇದ್ದಿದ್ದರೆ ಜನ ಕಡಿಮೆ ಇರುವುದಕ್ಕಿಂತ ಬೇರೇನೋ ಕಾರಣ ಇದೆ, ಉದಾಹರಣೆಗೆ ವಾರ್ಡಿನಿಂದ ಕಾಗದವೇ ಬರುತ್ತಿಲ್ಲ ಎಂದು ಹುಡುಕಬೇಕಾಗುತ್ತಿತ್ತು.

ಈಗ ದುಡ್ಡಿನ ಕಡೆಗೆ ಬರೋಣ. ಖಾಸಗಿ ಕೇಸಿನ ಸರಾಸರಿ ಬಿಲ್ 45,000 ರೂಪಾಯಿ. ತಿಂಗಳಿಗೆ 1.17 ಕೋಟಿ. ಇದರಲ್ಲಿ ಸುಮಾರು 7 ಲಕ್ಷ ಕಡಿತವಾಗಿ ಬರುತ್ತಿತ್ತು. ಈ ಏಳು ಲಕ್ಷವನ್ನೂ ತೋರಿಸಿ "ನೋಡಿ ಇಷ್ಟು ನಷ್ಟ" ಎನ್ನಲು ಆಸೆ ಆಗುತ್ತದೆ. ಅದು ನಿಜ ಅಲ್ಲ. ಮೂರು ತಿಂಗಳ ಸೆಟ್ಲ್‌ಮೆಂಟ್ ಪತ್ರಗಳನ್ನು ತೆಗೆದು ಒಂದೊಂದು ಕಡಿತದ ಕಾರಣ ಓದಿ ಮೂರು ರಾಶಿ ಮಾಡಿದೆವು. ಒಂದು, ಪಾಲಿಸಿಯ ನಿಯಮದಿಂದ ಆದದ್ದು: ರೂಮ್ ಬಾಡಿಗೆಯ ಮಿತಿ, ರೋಗಿಯೇ ಕೊಡಬೇಕಾದ ಪಾಲು ಇತ್ಯಾದಿ. ಅದು 3.3 ಲಕ್ಷ, ಡಿಸ್ಚಾರ್ಜ್ ಹೊತ್ತಿಗೇ ರೋಗಿಯಿಂದ ಬಂದಿರುತ್ತದೆ. ಎರಡು, ಕಂಪನಿಯ ಜೊತೆಗಿನ ಒಪ್ಪಂದದ ರಿಯಾಯಿತಿ, 2.1 ಲಕ್ಷ. ಎಷ್ಟು ಜನ ಇದ್ದರೂ ಅದು ವಾಪಸ್ ಬರುವುದಿಲ್ಲ. ಮೂರು, ನಮ್ಮ ಕಡೆಯಿಂದ ಕಾಗದ ಹೋಗದೆ, ಕ್ವೆರಿಗೆ ಉತ್ತರ ಹೋಗದೆ, ಅಥವಾ ಒಪ್ಪಂದದ ಗಡುವು ಮೀರಿ ಫೈಲ್ ಹೋದದ್ದರಿಂದ ಕಳೆದುಕೊಂಡದ್ದು, 1.6 ಲಕ್ಷ. ಹೊಸಬರು ಬಂದರೆ ಬದಲಾಗುವುದು ಈ ಮೂರನೇ ರಾಶಿ ಮಾತ್ರ.

ಈ ಮೂರನೇ ರಾಶಿಯ ಪತ್ರಗಳನ್ನು ಓದುವಾಗ ನಮ್ಮ ಊರಿಗೇ ಸೇರಿದ ಒಂದು ಕಾರಣ ಮತ್ತೆ ಮತ್ತೆ ಕಂಡಿತು. ಆಧಾರಿನಲ್ಲಿರುವ ಹೆಸರಿಗೂ ಪಾಲಿಸಿಯಲ್ಲಿರುವ ಹೆಸರಿಗೂ ಸ್ಪೆಲ್ಲಿಂಗ್ ಹೊಂದುವುದಿಲ್ಲ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಒಂದರಲ್ಲಿ ಮನೆತನದ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ಒಂದು ಕಾರ್ಡನ್ನು ಕನ್ನಡ ಗೊತ್ತಿದ್ದವರು ತುಂಬಿಸಿದ್ದಾರೆ, ಇನ್ನೊಂದನ್ನು ಮಲಯಾಳದವರು ಕಿವಿಗೆ ಕೇಳಿದ ಹಾಗೆ ತುಂಬಿಸಿದ್ದಾರೆ. ಕಂಪನಿ ಕ್ವೆರಿ ಹಾಕುತ್ತದೆ, ನಾವು ರೋಗಿಯ ಮನೆಯವರಿಗೆ ಫೋನ್ ಮಾಡಿ ಇನ್ನೊಂದು ಗುರುತಿನ ದಾಖಲೆ ತರಿಸಬೇಕು. ಪೈವಳಿಕೆ, ಪೆರ್ಲ ಕಡೆಯವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಬೇಕು, ಉಪ್ಪಳದವರಿಗೆ ಬ್ಯಾರಿ ಅಥವಾ ಉರ್ದು, ಚೆರುವತ್ತೂರಿನವರಿಗೆ ಮಲಯಾಳ. ನಮ್ಮ ನಾಲ್ವರಲ್ಲಿ ಕನ್ನಡ, ತುಳು ಎರಡೂ ಸರಾಗವಾಗಿ ಬರುವುದು ಒಬ್ಬರಿಗೆ ಮಾತ್ರ. ಅವರ ಟೇಬಲ್ ಮುಂದೆ ಸದಾ ಸಾಲು. ಅವರು ರಜೆ ಹಾಕಿದ ದಿನ ಆ ಕ್ವೆರಿಗಳು ಹಾಗೇ ಉಳಿಯುತ್ತವೆ. ಆದ್ದರಿಂದ ಬೇಕಾದದ್ದು ಯಾರೋ ಒಬ್ಬರಲ್ಲ, ಕನ್ನಡ ಮತ್ತು ಮಲಯಾಳ ಎರಡನ್ನೂ ಓದಿ ಬರೆಯಬಲ್ಲ, ತುಳು ಮಾತಾಡಬಲ್ಲ ಒಬ್ಬರು ಎಂದು ಸ್ಪಷ್ಟವಾಗಿ ಬರೆದೆ. ಏಳು ಭಾಷೆಗಳ ನಾಡು ಎಂದು ಭಾಷಣದಲ್ಲಿ ಹೇಳುತ್ತೇವೆ. ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬ ತಾಯಿ ತಾನು ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ತನ್ನ ಮಾತಿನಲ್ಲಿ ಕೇಳಿ ತಿಳಿಯುವುದು ಅದಕ್ಕಿಂತ ದೊಡ್ಡ ವಿಷಯ ಎಂದು ನಾನು ನಂಬಿದ್ದೇನೆ.

1.6 ಲಕ್ಷದಲ್ಲಿ ಎಷ್ಟು ಉಳಿಸಬಹುದು? ಅರ್ಧ ಎಂದು ಹಿಡಿದೆ, 80,000. ಅದೂ ಮೊದಲ ಮೂರು ತಿಂಗಳು ಸೊನ್ನೆ. ಹೊಸಬರಿಗೆ ಪ್ರತಿ ಕಂಪನಿಯ ಪೋರ್ಟಲ್ ಬೇರೆ, ಫಾರ್ಮ್ ಬೇರೆ. ಕಲಿಯಲು ಹೊತ್ತು ಬೇಕು, ಕಲಿಸುವವರ ಹೊತ್ತೂ ಹೋಗುತ್ತದೆ.

ಇನ್ನೊಂದು ಲಾಭ ಬಡ್ಡಿಯದ್ದು. ಇಲ್ಲಿ ಬಹಳ ಜನ ಎಡವುತ್ತಾರೆ. ಕಳಿಸದ 90 ಫೈಲುಗಳನ್ನು ಏಪ್ರಿಲಿನ ಮಟ್ಟಕ್ಕೆ, ಅಂದರೆ 20ಕ್ಕೆ ಇಳಿಸಿದರೆ 70 ಬಿಲ್ಲಿನ ದುಡ್ಡು ಬೇಗ ಕೈಗೆ ಬರುತ್ತದೆ. 31.5 ಲಕ್ಷ. ಇದನ್ನು ಲಾಭದ ಸಾಲಿನಲ್ಲಿ ಬರೆದರೆ ಇಮೇಲ್ ಭರ್ಜರಿಯಾಗಿ ಕಾಣುತ್ತದೆ. ಆದರೆ ಈ ದುಡ್ಡು ಹೇಗೂ ಆಸ್ಪತ್ರೆಯದ್ದೇ, ತಡವಾಗಿ ಬರುತ್ತಿತ್ತು ಅಷ್ಟೆ. ಮತ್ತೆ ಅದು ಒಂದು ಸಲ ಮಾತ್ರ ಬರುವ ಹರಿವು, ಪ್ರತಿ ವರ್ಷ ಬರುವುದಿಲ್ಲ. ನಿಜವಾಗಿ ಉಳಿಯುವುದು ಅಷ್ಟು ಮೊತ್ತದ ಮೇಲೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲಕ್ಕೆ, ಅಂದರೆ ಓಡಿಗೆ ಕಟ್ಟುತ್ತಿರುವ ಬಡ್ಡಿ. ನಮ್ಮ ಓಡಿ ಬಡ್ಡಿ ಶೇಕಡಾ 11. ವರ್ಷಕ್ಕೆ ಸುಮಾರು 3.46 ಲಕ್ಷ. ರಾಶಿ ನಿಧಾನವಾಗಿ ಇಳಿಯುವುದರಿಂದ ಮೊದಲ ವರ್ಷಕ್ಕೆ ಅರ್ಧ ಹಿಡಿದೆ, 1.7 ಲಕ್ಷ. ಓಡಿ ಇಲ್ಲದ ಸಂಸ್ಥೆಯಾದರೆ ಇದನ್ನೂ ಬರೆಯುವ ಹಾಗಿಲ್ಲ. ಠೇವಣಿಯ ಬಡ್ಡಿ ದರ ಹಿಡಿಯಬೇಕಾಗುತ್ತದೆ, ಅದು ಇನ್ನೂ ಕಡಿಮೆ.

ಖರ್ಚನ್ನು ಪೂರ್ತಿ ಬರೆಯಬೇಕು. ಸಂಬಳ 20,000 ಎಂದು ಮಾತ್ರ ಹಾಕಿದರೆ ಅಕೌಂಟ್ಸ್‌ನವರು ಕೂಡಲೇ ತಿದ್ದುತ್ತಾರೆ. ಮೂಲ ವೇತನ 15,000 ಎಂದು ಹಿಡಿದರೆ ಸಂಸ್ಥೆಯ ಪಾಲಿನ ಪಿಎಫ್ ಶೇಕಡಾ 12, ಅದರ ಜೊತೆ ವಿಮೆ ಮತ್ತು ಆಡಳಿತ ಶುಲ್ಕ ಶೇಕಡಾ 1, ಸೇರಿ 1,950. ಇಎಸ್ಐ ಶೇಕಡಾ 3.25, ಅದು 650. ಬೋನಸ್ ಶೇಕಡಾ 8.33ರಂತೆ 1,250. ಗ್ರಾಚುಟಿಗೆ ತೆಗೆದಿಡುವುದು ಸುಮಾರು 720. ಒಟ್ಟು ತಿಂಗಳಿಗೆ 24,570. ಕಂಪ್ಯೂಟರ್, ಟೇಬಲ್, ಸ್ಕ್ಯಾನರಿಗೆ ಒಂದು ಸಲ 60,000. ಮೊದಲ ವರ್ಷ 3.55 ಲಕ್ಷ.

ಇಮೇಲನ್ನು ಇಂಗ್ಲಿಷಿನಲ್ಲಿ ಕಳಿಸಿದ್ದೆ. ಅದರಲ್ಲಿ ಇದ್ದದ್ದು ಹೀಗೆ.

ವಿಷಯ: ಇನ್ಶೂರೆನ್ಸ್ ಡೆಸ್ಕಿಗೆ ಒಂದು ಹೆಚ್ಚುವರಿ ಹುದ್ದೆ, ಈ ತಿಂಗಳ 25ರ ಒಳಗೆ ಒಪ್ಪಿಗೆ ಕೋರಿ

ಮಾನ್ಯ ಡಾಕ್ಟರ್ ಸರ್,

ಇನ್ಶೂರೆನ್ಸ್ ಡೆಸ್ಕಿಗೆ ಒಬ್ಬ ಪೂರ್ಣಾವಧಿ ಸಿಬ್ಬಂದಿಯನ್ನು ನೇಮಿಸಲು ತಮ್ಮ ಒಪ್ಪಿಗೆ ಕೇಳುತ್ತಿದ್ದೇನೆ. ಮೊದಲ ವರ್ಷದ ಪೂರ್ತಿ ಖರ್ಚು 3.55 ಲಕ್ಷ. ನಿರೀಕ್ಷಿತ ಉಳಿತಾಯ ಸುಮಾರು 9.2 ಲಕ್ಷ.

ತಿಂಗಳಿಗೆ 670 ಗಂಟೆಯ ಕೆಲಸ ಬರುತ್ತಿದೆ. ನಾಲ್ವರಿಂದ ಸಿಗುವುದು 624 ಗಂಟೆ. ಓವರ್‌ಟೈಮ್ ಕಳೆದು ಉಳಿದ ಕೊರತೆ ಫೈಲ್ ಕಳಿಸುವುದರಲ್ಲಿ ಮತ್ತು ದುಡ್ಡು ಹೊಂದಿಸುವುದರಲ್ಲಿ ಸೇರಿಕೊಂಡಿದೆ. ಏಪ್ರಿಲ್ ಕೊನೆಗೆ ಕಳಿಸದ ಫೈಲು 20 ಇತ್ತು, ಈಗ 90. ಹೊಂದಿಸದ ಫೈಲು 180.

ಕಾಗದ ತಪ್ಪಿ ಅಥವಾ ತಡವಾಗಿ ತಿಂಗಳಿಗೆ 1.6 ಲಕ್ಷ ಕಡಿತವಾಗುತ್ತಿದೆ. ನಾಲ್ಕನೇ ತಿಂಗಳಿನಿಂದ ಇದರಲ್ಲಿ ಅರ್ಧ ಉಳಿಯುತ್ತದೆ ಎಂದು ಹಿಡಿದಿದ್ದೇನೆ, 7.2 ಲಕ್ಷ. ಓಡಿ ಬಡ್ಡಿಯಲ್ಲಿ 1.7 ಲಕ್ಷ, ಓವರ್‌ಟೈಮಿನಲ್ಲಿ 36,000. ಅರ್ಧದ ಬದಲು ನೂರಕ್ಕೆ ಹದಿನಾರು ಪಾಲು ಕಡಿತ ತಪ್ಪಿದರೂ ತಿಂಗಳ ಸಂಬಳದ ಖರ್ಚು ಹುಟ್ಟುತ್ತದೆ.

ಬೇರೆ ದಾರಿಗಳನ್ನೂ ನೋಡಿದೆ. ಓವರ್‌ಟೈಮ್ ಇನ್ನು ಹೆಚ್ಚಿಸಲು ಆಗುತ್ತಿಲ್ಲ. ಹೊರಗಿನ ಏಜೆನ್ಸಿ ಫೈಲ್ ಕಳಿಸಬಹುದು, ಆದರೆ ವಾರ್ಡಿನಿಂದ ಕಾಗದ ತರಲು, ರೋಗಿಗಳ ಮನೆಯವರ ಜೊತೆ ಮಾತಾಡಲು ನಮ್ಮವರೇ ಬೇಕು. ಕನ್ನಡ, ಮಲಯಾಳ ಓದು ಬರಹ ಮತ್ತು ತುಳು ಮಾತು ಬಲ್ಲವರನ್ನು ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.

ಆರನೇ ತಿಂಗಳ ಕೊನೆಗೆ ಕಳಿಸದ ಫೈಲು 20ಕ್ಕೆ ಇಳಿಯದಿದ್ದರೆ, ನಮ್ಮ ಕಡೆಯ ಕಡಿತ 1.2 ಲಕ್ಷದ ಕೆಳಗೆ ಬರದಿದ್ದರೆ, ಈ ಹುದ್ದೆಯನ್ನು ಬಿಲ್ಲಿಂಗ್ ವಿಭಾಗಕ್ಕೆ ವರ್ಗಾಯಿಸಬಹುದು. ಅಲ್ಲಿ ಮಾರ್ಚಿನಲ್ಲಿ ಒಬ್ಬರು ನಿವೃತ್ತರಾಗುತ್ತಿದ್ದಾರೆ.

ಲೆಕ್ಕದ ಹಾಳೆ ಲಗತ್ತಿಸಿದ್ದೇನೆ.

ಇಷ್ಟೇ. ಮೇಲೆ ಇಷ್ಟು ಉದ್ದಕ್ಕೆ ಹೇಳಿದ ನಿಮಿಷಗಳ ವಿವರವೆಲ್ಲ ಲಗತ್ತಿಸಿದ ಹಾಳೆಗೆ ಹೋಯಿತು. ಕೇಳಿಕೆ, ಖರ್ಚು, ಉಳಿತಾಯ ಮೊದಲ ಮೂರು ವಾಕ್ಯದಲ್ಲೇ ಇರಬೇಕೆಂದು ಹಠ ಹಿಡಿದು ಬರೆದೆ. ಡಾಕ್ಟರು ಎರಡು ರೌಂಡ್ಸ್ ನಡುವೆ ಫೋನಿನಲ್ಲಿ ಇಮೇಲ್ ನೋಡುವವರು. ಅವರು ಪರದೆ ಸರಿಸುವ ಮೊದಲು ನನ್ನ ಕೇಳಿಕೆ ಕಾಣಬೇಕು.

ಡಿಸ್ಚಾರ್ಜಿನ ಕಾಯುವಿಕೆಯನ್ನು ದುಡ್ಡಿನ ಲೆಕ್ಕಕ್ಕೆ ಸೇರಿಸಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು. ಜನರು ಇದನ್ನು ಕೇಳಿಕೊಂಡು ಬಂದಿರುತ್ತಾರೆ. ಆದರೆ ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆಯ ಅರ್ಜಿ ಕಂಪನಿಗೆ ಮುಟ್ಟಿದ ಮೇಲೆ. ಡಾಕ್ಟರು ಬೆಳಿಗ್ಗೆ ಹೋಗಬಹುದು ಎಂದು ಬರೆದು, ನಮ್ಮ ಕೌಂಟರಿನಿಂದ ಬಿಲ್ ಮಧ್ಯಾಹ್ನ ಹೊರಟರೆ, ನಡುವಿನ ಹೊತ್ತು ನಮ್ಮದು. ಅದು ಕಡಿಮೆಯಾದರೆ ಹಾಸಿಗೆ ಬೇಗ ಖಾಲಿಯಾಗುತ್ತದೆ. ಆದರೆ ಅದರಿಂದ ದುಡ್ಡು ಬರುವುದು ಮುಂದಿನ ರೋಗಿ ಹಾಸಿಗೆಗಾಗಿ ಕಾಯುತ್ತಿದ್ದರೆ ಮಾತ್ರ. ಮಳೆಗಾಲದಲ್ಲಿ ಕಾಯುತ್ತಾರೆ, ಫೆಬ್ರವರಿಯಲ್ಲಿ ಇಲ್ಲ. ಆದ್ದರಿಂದ ಲಗತ್ತಿನಲ್ಲಿ ಬೆಲೆ ಕಟ್ಟದೆ ಒಂದು ಸಾಲು ಬರೆದು ಬಿಟ್ಟೆ.

ಇಮೇಲ್ ಕಳಿಸಿದ ಮರುದಿನ ಡೈರೆಕ್ಟರು ಕರೆದರು. ಅವರ ಪ್ರಶ್ನೆ ಒಂದೇ, ಮತ್ತು ಅದು ತುಂಬಾ ಒಳ್ಳೆಯ ಪ್ರಶ್ನೆ. "ಕೊರತೆ 46 ಗಂಟೆ ಅಂತೀರಿ. ಒಬ್ಬರ ತಿಂಗಳು 156 ಗಂಟೆ. ಹಾಗಾದರೆ ನಿಮಗೆ ಬೇಕಾದದ್ದು ಮೂರನೇ ಒಂದು ಪಾಲು ಮನುಷ್ಯ. ಪೂರ್ತಿ ಒಬ್ಬರನ್ನು ಯಾಕೆ ಕೊಡಬೇಕು? ಮಧ್ಯಾಹ್ನದವರೆಗೆ ಬರುವ ಒಬ್ಬರು ಸಾಲದಾ?"

ಈ ಪ್ರಶ್ನೆಗೆ ಉತ್ತರ ಇಲ್ಲದೆ ಯಾರೂ ಇಂಥ ಇಮೇಲ್ ಕಳಿಸಬಾರದು. ಅರ್ಧ ದಿನದವರನ್ನು ತೆಗೆದುಕೊಂಡರೆ ನಮ್ಮ ಗಂಟೆ 702 ಆಗುತ್ತದೆ. ಕೆಲಸ 670. ನೂರಕ್ಕೆ 95 ತುಂಬಿದ ಹಾಗೆ. ಕೆಲಸ ದಿನಾ ಒಂದೇ ಸಮ ಬರುತ್ತಿದ್ದರೆ ಇದು ಧಾರಾಳ ಸಾಕು. ಆದರೆ ಸೋಮವಾರ ಅಡ್ಮಿಷನ್ ಬಹಳ ಜಾಸ್ತಿ, ಡಿಸ್ಚಾರ್ಜ್ ಎಲ್ಲ ಹನ್ನೊಂದರಿಂದ ಎರಡರ ನಡುವೆ ಒಟ್ಟಿಗೇ ಬರುತ್ತವೆ, ಒಬ್ಬರಿಗೆ ಜ್ವರ ಬಂದರೆ ಆ ದಿನ ಐದನೇ ಒಂದು ಭಾಗ ಕೈ ಕಡಿಮೆ. ಹಾಗೆ ಹಿಂದೆ ಬಿದ್ದ ಕೆಲಸವನ್ನು ಹಿಡಿಯಲು ಬೇರೆ ದಿನಗಳಲ್ಲಿ ಬಿಡುವು ಇರಬೇಕು. ಅಂಗಳದ ತುಂಬ ಒಂದಿಂಚು ಜಾಗ ಬಿಡದೆ ಅಡಿಕೆ ಹರಡಿದರೆ ತಿರುವಿ ಹಾಕಲು ಕಾಲಿಡಲೂ ಆಗುವುದಿಲ್ಲವಲ್ಲ, ಹಾಗೆ. 95ರಲ್ಲಿ ನಡೆಯುವ ಕೌಂಟರ್ ಒಂದು ಕೆಟ್ಟ ಸೋಮವಾರದಿಂದ ಚೇತರಿಸಿಕೊಳ್ಳಲು ವಾರಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಮುಂದಿನ ಕೆಟ್ಟ ಸೋಮವಾರ ಬಂದಿರುತ್ತದೆ. ಐದು ಜನ ಆದರೆ 780 ಗಂಟೆ, ನೂರಕ್ಕೆ 86. ಆಗ ಎರಡು ಮೂರು ದಿನದಲ್ಲಿ ಸರಿ ಹೋಗುತ್ತದೆ.

ಇನ್ನೊಂದು ಕಾರಣವೂ ಇತ್ತು. ಕಪಾಟಿನಲ್ಲಿ 142 ಗಂಟೆಯ ಹಳೇ ಕೆಲಸ ಇದೆಯಲ್ಲ, ಅದು ಒಬ್ಬರ ಸುಮಾರು ಒಂದು ತಿಂಗಳು. ಅರ್ಧ ದಿನದವರು ಬಂದರೆ ತಿಂಗಳಿಗೆ ಮಿಗುವುದು 32 ಗಂಟೆ. ಹಳೆಯದನ್ನು ಮುಗಿಸಲು ಅದೃಷ್ಟ ಚೆನ್ನಾಗಿದ್ದರೂ ನಾಲ್ಕೂವರೆ ತಿಂಗಳು. ಆ ಹೊತ್ತಿಗೆ ಅವುಗಳಲ್ಲಿ ಎಷ್ಟೋ ಫೈಲುಗಳ ಗಡುವು ದಾಟಿರುತ್ತದೆ. ಪೂರ್ತಿ ಒಬ್ಬರಾದರೆ ಮಿಗುವುದು 110 ಗಂಟೆ.

ಡಾಕ್ಟರು ಇದನ್ನು ಕೇಳಿ ಸ್ವಲ್ಪ ಹೊತ್ತು ಹಾಳೆ ನೋಡಿದರು. "ಐಸಿಯುನಲ್ಲೂ ಹೀಗೇ. ಎಲ್ಲ ಹಾಸಿಗೆ ತುಂಬಿಸಿ ಇಟ್ಟರೆ ರಾತ್ರಿ ಬರುವ ಹಾರ್ಟ್ ಅಟ್ಯಾಕ್‌ನವರನ್ನು ಎಲ್ಲಿ ಮಲಗಿಸುವುದು?" ಅಂದರು. ನನ್ನ ಲೆಕ್ಕವನ್ನು ಅವರು ತಮ್ಮ ಕೆಲಸದ ಮಾತಿಗೆ ತಂದುಕೊಂಡದ್ದು ನೋಡಿ ನನಗೆ ಸಮಾಧಾನ ಆಯಿತು. ಒಂದು ಷರತ್ತು ಹಾಕಿದರು: ಓವರ್‌ಟೈಮ್ ನಾಲ್ಕನೇ ತಿಂಗಳಿನಿಂದ ಪೂರ್ತಿ ನಿಲ್ಲಬೇಕು. ಒಪ್ಪಿಕೊಂಡೆ. ಅದನ್ನು ಲೆಕ್ಕದಲ್ಲಿ ಬರೆದದ್ದೇ ನಾನು.

ನೀರ್ಚಾಲಿನ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದಳು. ಕನ್ನಡ ಮಾಧ್ಯಮದಲ್ಲಿ ಓದಿದವಳು, ಮಲಯಾಳ ಚೆನ್ನಾಗಿ ಬರೆಯುತ್ತಾಳೆ, ಮನೆಮಾತು ತುಳು. ಮೂರನೇ ತಿಂಗಳ ಕೊನೆಗೆ ಕಳಿಸದ ಫೈಲು 38ಕ್ಕೆ ಇಳಿದಿತ್ತು. ಡಾಕ್ಟರು ಆಗಲೇ ಕಡಿತದ ಅಂಕಿ ಕೇಳಿದರು. ಕೊಡಲಿಲ್ಲ. ಯಾಕೆಂದರೆ ಆ ತಿಂಗಳು ಬಂದ ಸೆಟ್ಲ್‌ಮೆಂಟ್ ಪತ್ರಗಳೆಲ್ಲ ಅವಳು ಸೇರುವ ಮೊದಲೋ ಕಲಿಯುತ್ತಿದ್ದಾಗಲೋ ಕಳಿಸಿದ ಫೈಲುಗಳವು. ಫೈಲ್ ಕಳಿಸಿ ದುಡ್ಡು ಬರುವವರೆಗೆ ಅಂತರ ಇದ್ದೇ ಇದೆ. ಆಗ ಕಡಿಮೆ ಕಂಡಿದ್ದರೂ ಅದು ಅವಳ ಕೆಲಸದಿಂದ ಆದದ್ದಲ್ಲ, ಜಾಸ್ತಿ ಕಂಡಿದ್ದರೂ ಅವಳ ತಪ್ಪಲ್ಲ. ಕಡಿತವನ್ನು ಪತ್ರ ಬಂದ ತಿಂಗಳ ಲೆಕ್ಕದಲ್ಲಿ ನೋಡದೆ ಫೈಲ್ ಕಳಿಸಿದ ತಿಂಗಳ ಲೆಕ್ಕದಲ್ಲಿ ನೋಡಬೇಕು ಎಂದು ಹಾಳೆಯಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿದೆವು. ಆರನೇ ತಿಂಗಳಿಗೆ ಆ ಕಾಲಂ ಪ್ರಕಾರ ನಮ್ಮ ಕಡೆಯ ಕಡಿತ 95,000. ಅಂದರೆ ಉಳಿದದ್ದು 65,000, ನಾನು ಬರೆದ 80,000ಕ್ಕಿಂತ ಕಡಿಮೆ, ಆದರೆ ಖರ್ಚಿನ ಎರಡೂವರೆ ಪಟ್ಟಿಗಿಂತ ಜಾಸ್ತಿ. ಬಾಕಿ ಕಡಿತದಲ್ಲಿ ದೊಡ್ಡ ಪಾಲು ಆಪರೇಷನ್ ಥಿಯೇಟರಿನಿಂದ ಇಂಪ್ಲಾಂಟ್ ಸ್ಟಿಕರ್ ಬಾರದ ಕೇಸುಗಳದ್ದು. ಅದು ಕೌಂಟರಿನಲ್ಲಿ ಜನ ಹೆಚ್ಚಿಸಿ ಸರಿಪಡಿಸುವಂಥದ್ದಲ್ಲ. ಥಿಯೇಟರಿನ ಸಿಸ್ಟರುಗಳ ಜೊತೆ ಕೂತು, ಸ್ಟಿಕರನ್ನು ಆಪರೇಷನ್ ನೋಟ್ಸ್ ಹಾಳೆಗೇ ಅಂಟಿಸುವ ಪದ್ಧತಿ ಈಗ ಶುರು ಮಾಡಿದ್ದೇವೆ.